ಶನಿ ಮರಳಿದ ಹೊತ್ತಿನ ದಿನಚರಿ: ಕೇಳಿದ್ದು ಒಂದು ಕಡೆ, ಅನಿಸಿದ್ದು ಇನ್ನೊಂದು ಕಡೆ

ಪ್ರಶ್ನೆ: ನಾನು ಹುಟ್ಟಿದ್ದು 1996ರ ಮಾರ್ಚ್ 22, ಹನ್ನೊಂದೂವರೆ ಆಸುಪಾಸು ಅಂತ ಅಮ್ಮ ಹೇಳ್ತಾರೆ. ಈಗ ಶನಿ ಹುಟ್ಟಿದಾಗ ಇದ್ದ ಜಾಗಕ್ಕೇ ಮರಳಿದ್ದಾನಂತೆ. ಅಕ್ಟೋಬರ್ ಕೊನೆಯಲ್ಲಿ ಮೊದಲ ಸಲ ಒಂದೂವರೆ ಗಂಟೆ ಕೂತು ಜಾತಕ ಓದಿಸಿಕೊಂಡೆ, ಅದರ ಆಡಿಯೋ ಇದೆ. ಮಿಥುನ ಲಗ್ನ ಎರಡು ಡಿಗ್ರಿ, ಶನಿ ಹತ್ತನೇ ಮನೆ ಅಂದರು. ಆ ರಾತ್ರಿ ದಿನಚರಿಯಲ್ಲಿ ಬರೆದದ್ದು ಇದು: "ಅವರು ಹೇಳಿದ್ದು ಅಷ್ಟೂ ನಿಜ. ನಾನು ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಕೆಲಸ ಬಿಡುವ ಕಾಲ ಬಂದಿದೆ. ಇನ್ನು ಏಳೂವರೆ ವರ್ಷ ಇದೇ ಪಾಡು." ಈಗ ಓದಿದರೆ ಭಯ ಬಿಟ್ಟು ಬೇರೇನೂ ಕಾಣಲ್ಲ. ಇದನ್ನು ಹೇಗೆ ಬರೆಯಬೇಕಿತ್ತು?

ಉತ್ತರ: ಆ ನಾಲ್ಕು ಸಾಲನ್ನು ಹರಿದು ಹಾಕಬೇಡಿ, ತಿದ್ದಲೂ ಬೇಡಿ. ಅದು ಅಂದಿನ ರಾತ್ರಿಯ ದಾಖಲೆ, ಹಾಗೇ ಇರಲಿ. ಆದರೆ ಓದಿದವರು ಏನು ಹೇಳಿದರು ಎಂಬುದಕ್ಕೆ ಅದು ದಾಖಲೆಯಲ್ಲ. ನಾಲ್ಕು ಸಾಲಿನಲ್ಲಿ ಆಕಾಶದ ಲೆಕ್ಕ, ಓದಿದವರ ಅರ್ಥ, ನಿಮ್ಮ ಭಯ, ಮೂರೂ ಒಂದೇ ದನಿಯಲ್ಲಿ ಮಾತಾಡುತ್ತಿವೆ. ಹಾಗೇ ಬಿಟ್ಟರೆ ಆರು ತಿಂಗಳ ಮೇಲೆ "ಕೆಲಸ ಬಿಡುವ ಕಾಲ ಬಂದಿದೆ" ಎಂದು ಹೇಳಿದ್ದು ಅವರೋ ನೀವೋ ಎಂಬುದು ನಿಮಗೇ ನೆನಪಿರುವುದಿಲ್ಲ. ಮೊದಲ ಜಾತಕ ಓದಿಸಿಕೊಂಡವರ ದಿನಚರಿಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಕೈಯಲ್ಲಿ ಆಡಿಯೋ ಇರುವುದರಿಂದ ಇದನ್ನು ಇನ್ನೂ ಬಿಡಿಸಬಹುದು.

ಮೊದಲು ತಾರೀಖುಗಳನ್ನು ನೋಡೋಣ. ಅವು ಯಾರ ಅಭಿಪ್ರಾಯವೂ ಅಲ್ಲ.

ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 29.5 ವರ್ಷ ಬೇಕು. ಅದಕ್ಕೇ 29ರ ಆಸುಪಾಸಿನಲ್ಲಿ ಎಲ್ಲರ ಜಾತಕದಲ್ಲೂ ಅವನು ಹೊರಟ ಜಾಗಕ್ಕೆ ಬರುತ್ತಾನೆ. ಆದರೆ ಒಂದೇ ದಿನ ಬಂದು ಹೋಗುವವನಲ್ಲ. ವರ್ಷಕ್ಕೆ ಸುಮಾರು ನಾಲ್ಕೂವರೆ ತಿಂಗಳು ಭೂಮಿಯಿಂದ ನೋಡುವವರಿಗೆ ಅವನು ಹಿಂದಕ್ಕೆ ಸರಿಯುವಂತೆ ಕಾಣುತ್ತಾನೆ, ಆ ವಕ್ರಗತಿಯಲ್ಲಿ ಸುಮಾರು ಏಳು ಡಿಗ್ರಿ ಹಿಂದೆ ಬರುತ್ತಾನೆ. ನಿಮ್ಮ ಶನಿಯ ಡಿಗ್ರಿ ಆ ಏಳರೊಳಗೆ ಸಿಕ್ಕರೆ ಅದೇ ಬಿಂದುವನ್ನು ಮೂರು ಸಲ ದಾಟುತ್ತಾನೆ: ಮುಂದೆ ಹೋಗುತ್ತಾ, ಹಿಂದೆ ಬರುತ್ತಾ, ಮತ್ತೆ ಮುಂದೆ ಹೋಗುತ್ತಾ. ಹೊರಗೆ ಬಿದ್ದರೆ ಒಂದೇ ಸಲ. ನಿಮ್ಮದು ಮೂರು ಸಲದ್ದು.

ಸಾಯನ ಲೆಕ್ಕದಲ್ಲಿ, ಅಂದರೆ ವಿಷುವ ಬಿಂದುವಿನಿಂದ ರಾಶಿ ಎಣಿಸುವ ಕ್ರಮದಲ್ಲಿ, ನೀವು ಹುಟ್ಟಿದ ದಿನ ಶನಿ ಮೀನದ 28 ಡಿಗ್ರಿ ಹತ್ತಿರ ಇದ್ದ. ಅದೇ ಜಾಗವನ್ನು ಅವನು ಮೊದಲ ಸಲ ಮುಟ್ಟಿದ್ದು 2025ರ ಮೇ ಮೊದಲ ವಾರದಲ್ಲಿ. ಜುಲೈ 13ರ ಹೊತ್ತಿಗೆ ಮೇಷದ ಎರಡನೇ ಡಿಗ್ರಿಯವರೆಗೆ ಹೋಗಿ ನಿಂತು, ಹಿಂದೆ ತಿರುಗಿ, ಸೆಪ್ಟೆಂಬರ್ ಕೊನೆಯಲ್ಲಿ ಎರಡನೇ ಸಲ ಮುಟ್ಟಿದ. ನವೆಂಬರ್ ಕೊನೆಗೆ ಮೀನದ 25 ಡಿಗ್ರಿಯಲ್ಲಿ ಮತ್ತೆ ನಿಂತು ಮುಂದಕ್ಕೆ ತಿರುಗುತ್ತಾನೆ. ಮೂರನೇ ಸಲ ಮುಟ್ಟುವುದು 2026ರ ಜನವರಿ ಕೊನೆಯ ವಾರ. ಅಂದರೆ ನೀವು ಜಾತಕ ಓದಿಸಿದ್ದು ಎರಡನೆಯದು ಮುಗಿದು, ಮೂರನೆಯದು ಬರುವ ನಡುವಿನಲ್ಲಿ. ಈ ಒಂದು ವಾಕ್ಯವನ್ನು ದಿನಚರಿಯ ಹೊಸ ಪುಟದ ಮೊದಲ ಸಾಲಾಗಿ ಬರೆಯಿರಿ. ಮುಂದೆ ಏನೇ ಬರೆದರೂ ಅದರ ಕಾಲ ಯಾವುದು ಎಂದು ಇದರಿಂದ ತಿಳಿಯುತ್ತದೆ.

ನಿಮ್ಮ ಜಾತಕ ನಿರಯನದ್ದು, ಅಂದರೆ ಸ್ಥಿರ ನಕ್ಷತ್ರಗಳಿಂದ ರಾಶಿ ಎಣಿಸುವಂಥದ್ದು ಎಂದು ಮಿಥುನ ಲಗ್ನ ಎರಡು ಡಿಗ್ರಿ ಎಂಬ ಮಾತಿನಿಂದ ಅಂದಾಜಾಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಶನಿ ಮೀನದ ನಾಲ್ಕು ಡಿಗ್ರಿ ದಾಟಿ ಸ್ವಲ್ಪ ಮುಂದೆ. ರಾಶಿಚಕ್ರ ಎಲ್ಲಿಂದ ಶುರು ಎಂಬುದರಲ್ಲಿ ಎರಡು ಲೆಕ್ಕಕ್ಕೂ 24 ಡಿಗ್ರಿ ವ್ಯತ್ಯಾಸ ಇದ್ದರೂ, ಮರಳುವ ತಾರೀಖಿನಲ್ಲಿ ಅಂತಹ ವ್ಯತ್ಯಾಸವಿಲ್ಲ. ಹುಟ್ಟಿದಂದಿನಿಂದ ಇಂದಿನವರೆಗೆ ಅಯನಾಂಶ, ಅಂದರೆ ಆ 24 ಡಿಗ್ರಿ ವ್ಯತ್ಯಾಸ, ಬೆಳೆದದ್ದು ಅರ್ಧ ಡಿಗ್ರಿಗಿಂತ ಕಡಿಮೆ, ಆದ್ದರಿಂದ ತಾರೀಖು ಮೂರರಿಂದ ಆರು ದಿನ ಆಚೀಚೆ ಆಗಬಹುದು. ಎರಡು ಕಡೆ ಬೇರೆ ಬೇರೆ ದಿನ ಕಂಡು "ಯಾವುದು ಸರಿ" ಎಂದು ಗಾಬರಿ ಬೀಳುವವರು ಬಹಳ ಮಂದಿ. ಒಂದನ್ನು ಹಿಡಿದುಕೊಂಡು, ಯಾವುದನ್ನು ಹಿಡಿದಿದ್ದೀರಿ ಎಂದು ಪುಟದ ಮೂಲೆಯಲ್ಲಿ ಗುರುತು ಹಾಕಿ. ಇಲ್ಲಿ ನಾನು ಕೊಟ್ಟದ್ದು ಸಾಯನದ ದಿನಗಳು.

ಈಗ ನಿಮ್ಮ ನಾಲ್ಕನೇ ಸಾಲು, "ಇನ್ನು ಏಳೂವರೆ ವರ್ಷ ಇದೇ ಪಾಡು." ಇದನ್ನು ಮೊದಲು ಬಿಡಿಸುವುದು ಯಾಕೆಂದರೆ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಇದೇ, ತಪ್ಪಾಗಿರುವುದೂ ಇದೇ. ಶನಿ ತನ್ನ ಜಾಗಕ್ಕೆ ಮರಳುವುದು ಒಂದು ಲೆಕ್ಕ, ಏಳೂವರೆ ಶನಿ ಇನ್ನೊಂದು. ಮೊದಲನೆಯದನ್ನು ಹುಟ್ಟಿದಾಗಿನ ಶನಿಯಿಂದ ಎಣಿಸುತ್ತಾರೆ. ಎರಡನೆಯದನ್ನು ಚಂದ್ರನ ರಾಶಿಯಿಂದ ಎಣಿಸುತ್ತಾರೆ: ಚಂದ್ರರಾಶಿಯ ಹಿಂದಿನ ಮನೆ, ಅದೇ ಮನೆ, ಮುಂದಿನ ಮನೆ, ಒಂದೊಂದರಲ್ಲಿ ಎರಡೂವರೆ ವರ್ಷ. ನೀವು ಹುಟ್ಟಿದ ದಿನ ಚಂದ್ರ ನಿರಯನ ಮೇಷದಲ್ಲಿದ್ದ. ಶನಿ ನಿರಯನ ಮೀನಕ್ಕೆ ಬಂದದ್ದು 2025ರ ಮಾರ್ಚ್ 29ಕ್ಕೆ, ಅಂದಿನಿಂದ ಮೇಷದವರಿಗೆ ಏಳೂವರೆ ಶುರು. ಅದು 2032ರವರೆಗೆ ಎಳೆಯುತ್ತದೆ. ನಿಮ್ಮ ಜಾತಕದಲ್ಲಿ ಎರಡೂ ಒಂದೇ ವರ್ಷ ಶುರುವಾದದ್ದು ಕಾಕತಾಳೀಯ. ಅದೇ ದಿನಗಳಲ್ಲಿ ಹುಟ್ಟಿದ, ಚಂದ್ರ ಕುಂಭ, ಮೀನ, ಮೇಷ ಬಿಟ್ಟು ಬೇರೆ ರಾಶಿಯಲ್ಲಿರುವವರಿಗೆ ಶನಿ ಮರಳುತ್ತಾನೆ, ಏಳೂವರೆ ಇರುವುದಿಲ್ಲ.

ಓದಿದವರು ಒಂದೂವರೆ ಗಂಟೆಯಲ್ಲಿ ಈ ಎರಡನ್ನೂ ಹೇಳಿರಬಹುದು. ನಿಮ್ಮ ಕಿವಿ ಎರಡನ್ನೂ ಒಂದೇ ಸರಪಳಿ ಮಾಡಿಕೊಂಡಿತು. ದಿನಚರಿಯಲ್ಲಿ ಇವಕ್ಕೆ ಎರಡು ಬೇರೆ ಪುಟ ಕೊಡಿ. ಒಂದರ ಕೊನೆಯ ತಾರೀಖು 2026 ಜನವರಿ ಕೊನೆ, ಆಮೇಲೆ ಶನಿ ಆ ಡಿಗ್ರಿಗೆ ಮತ್ತೆ ಬರುವುದು ನಿಮಗೆ 58 ದಾಟಿದ ಮೇಲೆ. ಇನ್ನೊಂದು ಉದ್ದದ್ದು, ಅದರೊಳಗೇ ಮೂರು ಭಾಗ. "ಇದೇ ಪಾಡು" ಎಂಬ ಮಾತು ಎರಡೂ ಲೆಕ್ಕದಲ್ಲಿ ಇಲ್ಲ. ಅದು ನಿಮ್ಮದು. ಅದಕ್ಕೆ ಬೇರೆ ಜಾಗ ಇದೆ, ಅಲ್ಲಿಗೆ ಬರೋಣ.

ಮೂರನೇ ಸಾಲು: "ಕೆಲಸ ಬಿಡುವ ಕಾಲ ಬಂದಿದೆ." ಆಡಿಯೋ ಹಾಕಿ, ಆ ಜಾಗ ಹುಡುಕಿ, ಅವರು ಬಾಯಿಬಿಟ್ಟು ಹೇಳಿದ ಮಾತನ್ನು ಹಾಗೇ ಬರೆದುಕೊಳ್ಳಿ. ಎಷ್ಟನೇ ನಿಮಿಷ ಎಂದೂ ಬರೆಯಿರಿ. "ಹತ್ತನೇ ಮನೆಯಲ್ಲಿ ಶನಿ, ಕೆಲಸದಲ್ಲಿ ಭಾರ ಹೆಚ್ಚು" ಎಂದಿದ್ದರೆ ಒಂದು. "ಈ ಕೆಲಸ ನಿಮ್ಮದಲ್ಲ, ಬದಲಿಸಿ" ಎಂದಿದ್ದರೆ ಇನ್ನೊಂದು. ಎರಡರ ನಡುವೆ ಒಂದು ಸಂಬಳದಷ್ಟು ಅಂತರ ಇದೆ.

ಯಾವುದೇ ಮಾತಾಗಿರಲಿ, ಅದು ಹತ್ತನೇ ಮನೆಯ ಮೇಲೆ ನಿಂತದ್ದು, ಹತ್ತನೇ ಮನೆ ಲಗ್ನದ ಮೇಲೆ ನಿಂತದ್ದು, ಲಗ್ನ ನಿಮ್ಮ ಹುಟ್ಟಿದ ಗಳಿಗೆಯ ಮೇಲೆ ನಿಂತದ್ದು. ಇಲ್ಲಿ ಸ್ವಲ್ಪ ನಿಧಾನಿಸಿ. ಶನಿ ಇಡೀ ದಿನದಲ್ಲಿ ಚಲಿಸುವುದು ಹೆಚ್ಚೆಂದರೆ ಎಂಟು ಕಲೆ, ಅಂದರೆ ಒಂದು ಡಿಗ್ರಿಯ ಏಳನೇ ಒಂದು ಭಾಗ. ಆದ್ದರಿಂದ ಹುಟ್ಟಿದ ಹೊತ್ತು ಅರ್ಧ ಗಂಟೆ ತಪ್ಪಿದ್ದರೂ ಶನಿ ಮರಳುವ ತಾರೀಖು ಅಲುಗುವುದಿಲ್ಲ. ಲಗ್ನ ಹಾಗಲ್ಲ. ಅದು ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಓಡುತ್ತದೆ. ನಿಮ್ಮ ಲಗ್ನ ಮಿಥುನದ ಎರಡನೇ ಡಿಗ್ರಿ ಅಂದಿದ್ದಾರೆ. ನೀವು ಹುಟ್ಟಿದ್ದು ಹನ್ನೊಂದೂವರೆಗಲ್ಲ, ಅದಕ್ಕಿಂತ ಹತ್ತು ನಿಮಿಷ ಮೊದಲು ಎಂದಾದರೆ ಲಗ್ನ ವೃಷಭಕ್ಕೆ ಜಾರುತ್ತದೆ. ಆಗ ಮೀನದಲ್ಲಿರುವ ಅದೇ ಶನಿ ಹತ್ತನೇ ಮನೆಯವನಲ್ಲ, ಹನ್ನೊಂದನೆಯವನು. ಅವರು ಕೆಲಸ, ಅಧಿಕಾರ, ಹೆಸರು ಎಂದು ಓದಿದ್ದನ್ನೆಲ್ಲ ಇನ್ನೊಬ್ಬರು ಲಾಭ, ಗೆಳೆಯರು, ಅಣ್ಣ ಅಕ್ಕ ಎಂದು ಓದುತ್ತಾರೆ. "ಆಸುಪಾಸು" ಎಂಬ ಒಂದು ಮಾತಿನ ಮೇಲೆ ರಾಜೀನಾಮೆ ಬರೆಯುವುದು ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಆಸ್ಪತ್ರೆಯ ಕಾಗದದಲ್ಲಿ ನಿಮಿಷ ಬರೆದಿರುವುದುಂಟು, ಅಮ್ಮನ ಹತ್ತಿರ ಅದಿದೆಯಾ ಕೇಳಿ. ಸಿಗದಿದ್ದರೆ ಲಗ್ನದ ಮೇಲೆ ನಿಂತ ಪ್ರತಿ ಮಾತಿನ ಮುಂದೆ "ಹೊತ್ತು ಖಚಿತವಿಲ್ಲ" ಎಂದು ಬರೆದಿಡಿ. ಚಂದ್ರರಾಶಿಗೆ ಈ ತೊಂದರೆ ಇಲ್ಲ, ಆ ಇಡೀ ದಿನ ಚಂದ್ರ ಮೇಷದಲ್ಲೇ ಇದ್ದ.

ಉಳಿದದ್ದು ಮೊದಲ ಎರಡು ಸಾಲು. "ಹೊರಗೆ ಗಟ್ಟಿ, ಒಳಗೆ ಮೆತ್ತಗೆ." ಕೇಳಿದ ತಕ್ಷಣ ಎದೆಗೆ ತಾಗುತ್ತದೆ, ಯಾರಿಗಾದರೂ ತಾಗುತ್ತದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ "ಇದು ನಿನ್ನ ಸ್ವಭಾವದ ವಿವರ" ಎಂದು ಒಂದೊಂದು ಕಾಗದ ಕೊಟ್ಟ. ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ, ಅದರ ಸಾಲುಗಳನ್ನು ಅವನು ಆಯ್ದದ್ದು ಒಂದು ಜ್ಯೋತಿಷ್ಯ ಪುಸ್ತಕದಿಂದ. ನಿಮ್ಮ ಸಾಲಿನಂತಹದ್ದೂ ಅದರಲ್ಲಿತ್ತು. ಇದನ್ನು ಹೇಳುವುದು ಓದಿದವರನ್ನು ಹಗುರ ಮಾಡಲಿಕ್ಕಲ್ಲ. ಅಂತಹ ಮಾತು ತಪ್ಪೇನಲ್ಲ, ಆದರೆ ಅದು ನಿಮ್ಮನ್ನು ಇನ್ನೊಬ್ಬರಿಂದ ಬೇರೆ ಮಾಡುವುದಿಲ್ಲ. ಆದ್ದರಿಂದ ದಿನಚರಿಯಲ್ಲಿ ಅದನ್ನು ಸಾಕ್ಷಿಯಾಗಿ ಇಡಬೇಡಿ. ಪರೀಕ್ಷೆ ಸುಲಭ: ಆ ಮಾತನ್ನು ನಿಮಗೆ ಚೆನ್ನಾಗಿ ಗೊತ್ತಿರುವ, ಸ್ವಭಾವದಲ್ಲಿ ನಿಮಗೆ ತದ್ವಿರುದ್ಧವಾದ ಒಬ್ಬರ ಹೆಸರಿಗೆ ಅಂಟಿಸಿ ನೋಡಿ. ಅವರಿಗೂ ಒಪ್ಪಿದರೆ ಅದಕ್ಕೆ ಒಂದು ಸೊನ್ನೆ ಗುರುತು ಹಾಕಿ ಮುಂದೆ ಹೋಗಿ. ಒಪ್ಪದಿದ್ದರೆ ಅದನ್ನು ಉಳಿಸಿಕೊಳ್ಳಿ. ಒಂದೂವರೆ ಗಂಟೆಯ ಮಾತಿನಲ್ಲಿ ಉಳಿಯುವ ಮಾತು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ ಇರುತ್ತವೆ. ಅಷ್ಟು ಸಾಕು.

ಇನ್ನು ಪುಟ ಹೇಗಿರಬೇಕು? ನೋಟುಪುಸ್ತಕ ಬಿಚ್ಚಿದಾಗ ಎದುರುಬದುರು ಸಿಗುವ ಎರಡು ಪುಟ ತೆಗೆದುಕೊಳ್ಳಿ. ಎಡಕ್ಕೆ "ಕೇಳಿದ್ದು", ಬಲಕ್ಕೆ "ಅನಿಸಿದ್ದು". ಆಡಿಯೋವನ್ನು ಒಂದೇ ಸಲ ಪೂರ್ತಿ ಕೇಳಿ, ನಿಲ್ಲಿಸಿ ನಿಲ್ಲಿಸಿ. ಎಲ್ಲವನ್ನೂ ಇಳಿಸಿಕೊಳ್ಳಬೇಡಿ, ಹನ್ನೆರಡು ವಾಕ್ಯದ ಮೇಲೆ ಹೋಗಬೇಡಿ. ಎಡಪುಟದಲ್ಲಿ ಅವರ ಮಾತು ಅವರ ಪದದಲ್ಲೇ, ಪಕ್ಕದಲ್ಲಿ ನಿಮಿಷ, ಅದು ಯಾವುದರ ಮೇಲೆ ನಿಂತದ್ದು ಎಂಬುದು: ಶನಿಯ ಜಾಗವೋ, ಚಂದ್ರರಾಶಿಯೋ, ಲಗ್ನವೋ. ಯಾವುದರ ಮೇಲೆ ಎಂದು ಅವರು ಹೇಳಿರದಿದ್ದರೆ ಒಂದು ಪ್ರಶ್ನೆಚಿಹ್ನೆ ಹಾಕಿ, ಕೇಳಿ ತಿಳಿದುಕೊಳ್ಳಿ. ಸರಿಯಾಗಿ ಓದುವವರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ. ಬಲಪುಟ ಅವತ್ತು ಖಾಲಿ ಬಿಡಿ.

ಬಲಪುಟಕ್ಕೆ ಮಾರನೇ ದಿನದಿಂದ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ. ಈ ಅಳತೆ ಸುಮ್ಮನೆ ಬಂದದ್ದಲ್ಲ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಮಾಡಿದ ಪ್ರಯೋಗದಲ್ಲಿ ಜನ ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದದ್ದು ಹೀಗೆ, ಹದಿನೈದು ನಿಮಿಷದಂತೆ ನಾಲ್ಕು ದಿನ. ಬರೆದು ಎದ್ದ ಕೂಡಲೇ ಮನಸ್ಸು ಇನ್ನಷ್ಟು ಭಾರವಾದದ್ದೂ ಅಲ್ಲಿ ಕಂಡಿತ್ತು. ಹಾಗಾಗಿ ಮೊದಲ ದಿನವೇ ಹಗುರವಾಗಲಿಲ್ಲ ಎಂದು ಕೈಬಿಡಬೇಡಿ, ಮಲಗುವ ಮುಂಚೆ ಬರೆಯಲೂ ಬೇಡಿ. ಭಯ, ಸಿಟ್ಟು, ಹೊಟ್ಟೆಕಿಚ್ಚು, "ಇದೇ ಪಾಡು" ಎಂಬ ಮಾತು, ಎಲ್ಲಕ್ಕೂ ಜಾಗ ಈ ಪುಟವೇ. ಒಂದೇ ನಿಯಮ: ಶನಿಯನ್ನು ವಾಕ್ಯದ ಕರ್ತೃ ಮಾಡಬೇಡಿ. "ಶನಿ ಕಿತ್ತುಕೊಂಡ" ಎಂದು ಬರೆದರೆ ಅಲ್ಲಿಗೆ ವಾಕ್ಯ ಮುಗಿಯಿತು, ಆಮೇಲೆ ಕೇಳಲು ಏನೂ ಉಳಿಯುವುದಿಲ್ಲ. "ಮೇ ತಿಂಗಳಲ್ಲಿ ಮೂರು ರವಿವಾರ ಕೆಲಸಕ್ಕೆ ಹೋದೆ, ಬೇಡ ಅನ್ನಲು ಬಾಯಿ ಬರಲಿಲ್ಲ" ಎಂದು ಬರೆದರೆ, ಯಾಕೆ ಬರಲಿಲ್ಲ ಎಂಬ ಮುಂದಿನ ವಾಕ್ಯ ತಾನಾಗಿ ಬರುತ್ತದೆ.

ನಿಮ್ಮ ಮೂರನೇ ಸಾಲನ್ನೇ ಹೀಗೆ ಬಿಡಿಸಿದರೆ ಹೇಗಿರುತ್ತದೆ, ಒಂದು ಮಾದರಿ ಕೊಡುತ್ತೇನೆ. ಪದಗಳು ನಿಮ್ಮ ಆಡಿಯೋದಂತೆ ಬದಲಾಗಲಿ.

ಎಡಪುಟ: "41ನೇ ನಿಮಿಷ. 'ಹತ್ತನೇ ಮನೆಯ ಶನಿ ಮೇಲೇ ಶನಿ ಬಂದಿದ್ದಾನೆ, ಕೆಲಸದಲ್ಲಿ ಜವಾಬ್ದಾರಿ ಯಾರದು ಅಂತ ಇತ್ಯರ್ಥ ಆಗುವ ಕಾಲ.' ಲಗ್ನದ ಮೇಲೆ ನಿಂತದ್ದು, ಹೊತ್ತು ಖಚಿತವಿಲ್ಲ. ಕೆಲಸ ಬಿಡಿ ಅಂತ ಅವರು ಹೇಳಿಲ್ಲ."

ಬಲಪುಟ: "ಬಿಡಿ ಅಂತ ಅವರು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಮೇಲಿನವರು ರಜೆ ಹೋದಾಗೆಲ್ಲ ಅವರ ಕೆಲಸ ನನ್ನ ಮೇಜಿಗೆ ಬರುತ್ತದೆ, ಹುದ್ದೆ ಬರುವುದಿಲ್ಲ. ಇದನ್ನು ಯಾರಿಗೂ ಬರವಣಿಗೆಯಲ್ಲಿ ಹೇಳಿಲ್ಲ."

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಮೊದಲ ಬರಹದಲ್ಲಿ ತೀರ್ಪಿನಂತೆ ಕಂಡದ್ದು ಇಲ್ಲಿ ಒಂದು ಆಸೆ, ಒಂದು ಬರೆಯದ ಪತ್ರ. ಪತ್ರ ಬರೆಯಲು ಲಗ್ನ ಸರಿಯಾಗಿರಬೇಕಿಲ್ಲ.

ಮೂರನೇ ಪುಟ ತಾರೀಖಿನದು, ನಿಮ್ಮ ಮಟ್ಟಿಗೆ ಅದು ತುಂಬ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಎರಡು ಸಲ ಮುಟ್ಟಿದ್ದು ಆಗಲೇ ಕಳೆದುಹೋಗಿದೆ. ಒಂದು ಡಿಗ್ರಿ ಆಚೀಚೆ ಎಂದು ಹಿಡಿದರೆ ಮೊದಲ ಅವಧಿ ಸುಮಾರು ಏಪ್ರಿಲ್ 22ರಿಂದ ಮೇ 12, ಎರಡನೆಯದು ಸೆಪ್ಟೆಂಬರ್ 14ರಿಂದ ಅಕ್ಟೋಬರ್ 12, ಮೂರನೆಯದು ಜನವರಿ 14ರಿಂದ ಫೆಬ್ರವರಿ 4. ನಡುವಿನದು ಉದ್ದ ಯಾಕೆಂದರೆ ವಕ್ರದಲ್ಲಿ ಶನಿ ನಿಧಾನ, ದಿನಕ್ಕೆ ನಾಲ್ಕೂವರೆ ಕಲೆ ಅಷ್ಟೇ. ಕಳೆದ ಎರಡು ಅವಧಿಗೆ ಫೋನಿನ ಫೋಟೋ, ಕ್ಯಾಲೆಂಡರ್, ಬ್ಯಾಂಕಿನ ಲೆಕ್ಕ, ಕಳಿಸಿದ ಸಂದೇಶ ತೆಗೆದು ನೋಡಿ, ನಡೆದದ್ದನ್ನು ಮಾತ್ರ ಬರೆಯಿರಿ. ನೆನಪಿನಿಂದ ಬರೆಯಬೇಡಿ. ಜಾತಕ ಕೇಳಿದ ಮೇಲೆ ನೆನಪು ಆಯ್ದು ಕೊಡುತ್ತದೆ, ಶನಿಗೆ ಹೊಂದುವುದನ್ನಷ್ಟೇ ಎತ್ತಿ ಕೊಡುತ್ತದೆ.

ಅದಕ್ಕೊಂದು ತಡೆ ಇದೆ, ಇದನ್ನು ಬಿಡಬೇಡಿ. ಹುಡುಕುವ ಮುಂಚೆಯೇ 2023ರ ಏಪ್ರಿಲ್ 22ರಿಂದ ಮೇ 12ರವರೆಗಿನ ದಿನಗಳನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಿ. ಆಗ ಶನಿ ನಿಮ್ಮ ಡಿಗ್ರಿಯ ಹತ್ತಿರ ಇರಲಿಲ್ಲ. ಆ ಮೂರು ವಾರವನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಿ. ಅಲ್ಲೂ ಜಗಳ, ಜ್ವರ, ಮುಗಿಯದ ಕೆಲಸ ಅಷ್ಟೇ ಸಿಕ್ಕರೆ, 2025ರ ಅವಧಿಗೆ ನೀವು ಕೊಡುತ್ತಿರುವ ತೂಕ ಹೆಚ್ಚಾಯಿತು ಎಂದು ತಿಳಿಯಿರಿ. ವ್ಯತ್ಯಾಸ ಸಿಕ್ಕರೂ ಒಬ್ಬರ ಜೀವನದ ಎರಡು ಮೂರು ಅವಧಿಯಿಂದ ಶನಿಯ ಬಗ್ಗೆ ಏನೂ ಸಾಬೀತಾಗುವುದಿಲ್ಲ. ನಿಮಗೆ ಗೊತ್ತಾಗುವುದು ನಿಮ್ಮ ವರ್ಷದ ಬಗ್ಗೆ: ಯಾವುದು ಎರಡನೇ ಸಲ ಬಂತು, ಯಾವುದನ್ನು ಮೇ ತಿಂಗಳಲ್ಲಿ ಮುಂದೂಡಿದ್ದಿರಿ, ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಎದುರಿಗೆ ನಿಂತಿತೇ. ಮೂರು ಸಲದ ಮರಳುವಿಕೆಯನ್ನು ಓದುವವರು ಹೆಚ್ಚಾಗಿ ಹೀಗೇ ಓದುತ್ತಾರೆ: ಮೊದಲ ಸಲ ವಿಷಯ ತಲೆ ಎತ್ತುತ್ತದೆ, ವಕ್ರದಲ್ಲಿ ಅದನ್ನೇ ಮತ್ತೆ ನೋಡಬೇಕಾಗುತ್ತದೆ, ಮೂರನೇ ಸಲ ತೀರ್ಮಾನ. ನಿಮ್ಮ ಪುಟದಲ್ಲಿ ಆ ಎಳೆ ಕಾಣದಿದ್ದರೆ ಬಲವಂತವಾಗಿ ಹೊಲಿಯಬೇಡಿ, "ಕಾಣಲಿಲ್ಲ" ಎಂದೇ ಬರೆಯಿರಿ. ಅದೂ ಸರಿಯಾದ ದಾಖಲೆಯೇ.

ಮೂರನೇ ಅವಧಿಗೆ ಮುಂಚೆ, ಅಂದರೆ ಜನವರಿ 14ರ ಒಳಗೆ, ಎಡಪುಟದಲ್ಲಿ ಮುಂದೆ ನಡೆಯುವ ವಿಷಯ ಹೇಳುವ ಮಾತುಗಳಿದ್ದರೆ ಒಂದೊಂದರ ಪಕ್ಕ "ಏನಾದರೆ ಇದು ನಿಜ, ಏನಾದರೆ ಸುಳ್ಳು" ಎಂದು ಬರೆದು ತಾರೀಖು ಹಾಕಿ. "ಬದಲಾವಣೆ ಬರುತ್ತದೆ" ಎಂಬ ಮಾತಿಗೆ ಸುಳ್ಳಾಗುವ ದಾರಿಯೇ ಇಲ್ಲ, ಅದನ್ನು ಗೀಟು ಹಾಕಿ ಬಿಡಿ. "ಫೆಬ್ರವರಿಯೊಳಗೆ ಮೇಲಧಿಕಾರಿ ಬದಲಾಗುತ್ತಾರೆ" ಎಂದಿದ್ದರೆ ಅದನ್ನು ನೋಡಬಹುದು. ಆಮೇಲೆ ಆ ಪುಟ ಮುಚ್ಚಿಡಿ, ದಿನಾ ತೆಗೆದು ನೋಡುವುದು ಬೇಡ.

ಒಂದು ಎಚ್ಚರಿಕೆ. ನಾಲ್ಕು ದಿನ ಬರೆದ ಮೇಲೂ ನಿದ್ದೆ ಬರದೆ, ಊಟ ಸೇರದೆ ಎರಡು ವಾರ ದಾಟಿದರೆ, ಬರೆಯುವುದನ್ನು ನಿಲ್ಲಿಸಿ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ. ಆಗ ಇನ್ನೊಬ್ಬರ ಹತ್ತಿರ ಎರಡನೇ ಜಾತಕ ಓದಿಸುವುದರಿಂದ ಎಡಪುಟ ಬೆಳೆಯುತ್ತದೆ, ಬಲಪುಟದ ಭಾರ ಇಳಿಯುವುದಿಲ್ಲ. ಓದುವಾಗ ಕಾಯಿಲೆ, ಸಾವು, ಬಸಿರಿನ ಬಗ್ಗೆ ಖಚಿತವಾಗಿ ಏನಾದರೂ ಹೇಳಿದ್ದರೆ ಅದನ್ನು ಈ ಹನ್ನೆರಡು ವಾಕ್ಯಕ್ಕೆ ಸೇರಿಸಬೇಡಿ, ಅದು ವೈದ್ಯರನ್ನು ಕೇಳುವ ಮಾತು.

ಫೆಬ್ರವರಿ 4 ಕಳೆದ ಮೇಲೆ ಒಂದು ದಿನ ಮೂರೂ ಪುಟ ಬಿಚ್ಚಿಕೊಂಡು ಕೂರಿ. ಮೊದಲು ತಾರೀಖಿನ ಪುಟ ತುಂಬಿ, ಆಮೇಲೆ ಎಡಪುಟದ ಗುರುತುಗಳನ್ನು ನೋಡಿ, ಕೊನೆಗೆ ಬಲಪುಟ ಓದಿ. ಈ ಕ್ರಮ ತಪ್ಪಿಸಬೇಡಿ. ಬಲಪುಟ ಮೊದಲು ಓದಿದರೆ ಅಂದಿನ ಭಯದ ಕಣ್ಣಲ್ಲೇ ಉಳಿದೆರಡನ್ನೂ ನೋಡುತ್ತೀರಿ. ಅಕ್ಟೋಬರಿನ ಆ ನಾಲ್ಕು ಸಾಲನ್ನು ಎಲ್ಲಕ್ಕಿಂತ ಕೊನೆಗೆ ಓದಿ, ಅದರ ಕೆಳಗೆ ಅವತ್ತಿನ ತಾರೀಖು ಹಾಕಿ ಐದನೇ ಸಾಲು ಬರೆಯಿರಿ.